ಮನೆಯಲ್ಲೊಬ್ಬರಿಗೆ ಜೂಜಿನ ಚಟವಿದ್ದಾಗ ಜಂಟಿ ಖಾತೆ, ಕಾರ್ಡುಗಳನ್ನು ಕಾಪಾಡಿಕೊಳ್ಳುವ ಕ್ರಮ

ವಿಷಯ ಗೊತ್ತಾದ ದಿನ ಮನೆಯವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಡೆಬಿಟ್ ಕಾರ್ಡ್ ಕಸಿದುಕೊಳ್ಳುವುದು. ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ಕಾರ್ಡ್ ನಿಮ್ಮ ಬೀರುವಿನಲ್ಲಿದ್ದರೂ ಅದರ ವಿವರ ಬೆಟ್ಟಿಂಗ್ ಆ್ಯಪಿನಲ್ಲಿ ಮೊದಲೇ ಸೇರಿಕೊಂಡಿರುತ್ತದೆ. ಬ್ಯಾಂಕಿನ ಆ್ಯಪ್ ಅವರ ಫೋನಿನಲ್ಲಿರುತ್ತದೆ. ತಿಂಗಳ ಕೊನೆಗೆ ಸಂಬಳ ಮತ್ತೆ ಅದೇ ಖಾತೆಗೆ ಬಂದು ಬೀಳುತ್ತದೆ. ಹಾಗಾಗಿ ಮೊದಲು ಹಣ ಬರುವ ದಾರಿಯನ್ನು ತಿರುಗಿಸಬೇಕು, ಆಮೇಲೆ ಹೋಗುವ ದಾರಿಗಳನ್ನು ಮುಚ್ಚಬೇಕು. ಈ ಕ್ರಮ ತಲೆಕೆಳಗಾದರೆ ಮುಚ್ಚಿದ ಬಾಗಿಲಿನ ಪಕ್ಕದಲ್ಲೇ ಇನ್ನೊಂದು ತೆರೆದುಕೊಳ್ಳುತ್ತದೆ.

ಇಲ್ಲಿ ಒಂದೇ ಸನ್ನಿವೇಶವನ್ನು ಹಿಡಿದು ಹೋಗೋಣ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಜೂಜು ಗಂಡನದು. ಮನೆಗೆ ಬರುವ ಹಣ ತಿಂಗಳಿಗೆ 100 ಪಾಲು ಎಂದಿಟ್ಟುಕೊಂಡರೆ ಹೆಂಡತಿಯ ಸಂಬಳ 55, ಗಂಡನದು 45. ಎರಡೂ ಒಂದೇ ಜಂಟಿ ಖಾತೆಗೆ ಬರುತ್ತವೆ. ಬಾಡಿಗೆ, ಸಾಲದ ಕಂತು, ವಿಮೆ, ಮಕ್ಕಳ ಶುಲ್ಕ, ದಿನಸಿ ಎಲ್ಲ ಸೇರಿ 70 ಪಾಲು ಅದೇ ಖಾತೆಯಿಂದ ಹೋಗುತ್ತದೆ. ಇಬ್ಬರ ಹೆಸರಲ್ಲೂ ಒಂದೊಂದು ಡೆಬಿಟ್ ಕಾರ್ಡ್ ಇದೆ. ಹೆಂಡತಿಯ ಕ್ರೆಡಿಟ್ ಕಾರ್ಡಿನ ಮೇಲೆ ಗಂಡನಿಗೊಂದು ಆ್ಯಡ್-ಆನ್ ಕಾರ್ಡ್ ಇದೆ. ಜೊತೆಗೆ ಜಂಟಿ ಹೆಸರಿನಲ್ಲೊಂದು ಠೇವಣಿ. ಜೂಜಾಡುವವರು ಮಗನೋ ತಾಯಿಯೋ ಆಗಿದ್ದರೂ ಕೆಲಸದ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಖಾತೆ ನಡೆಸುವ ಷರತ್ತು ಏನಿದೆ ನೋಡಿ

ಜಂಟಿ ಖಾತೆ ತೆರೆಯುವಾಗ ಫಾರಂನಲ್ಲಿ ಒಂದು ಕಡೆ ಟಿಕ್ ಹಾಕಿರುತ್ತೀರಿ: ಇಬ್ಬರಲ್ಲಿ ಯಾರಾದರೂ ಒಬ್ಬರು ಖಾತೆ ನಡೆಸಬಹುದೇ, ಅಥವಾ ಇಬ್ಬರ ಸಹಿಯೂ ಬೇಕೇ? ಅನುಕೂಲಕ್ಕೆಂದು ಬಹುತೇಕರು ಮೊದಲನೆಯದನ್ನೇ ಆರಿಸಿರುತ್ತಾರೆ. ಅದರ ಅರ್ಥ, ಗಂಡ ಒಬ್ಬನೇ ಇಡೀ 100 ಪಾಲನ್ನು ತೆಗೆದರೂ ಬ್ಯಾಂಕಿನ ದೃಷ್ಟಿಯಲ್ಲಿ ತಪ್ಪೇನೂ ನಡೆದಿಲ್ಲ. 'ಅದರಲ್ಲಿ ನನ್ನ 55 ಇತ್ತು' ಎಂದು ಆಮೇಲೆ ಶಾಖೆಗೆ ಹೋಗಿ ಕೇಳಿದರೆ ಹಣ ವಾಪಸ್ ಬರುವುದಿಲ್ಲ. ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಸೌಲಭ್ಯ ಇದ್ದರಂತೂ ಇನ್ನೂ ಕಷ್ಟ. ಒಬ್ಬರು ಎಳೆದ ಸಾಲವನ್ನು ಬ್ಯಾಂಕ್ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲು ಮಾಡಬಹುದು.

ಷರತ್ತನ್ನು 'ಇಬ್ಬರೂ ಸೇರಿ' ಎಂದು ಬದಲಾಯಿಸಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಒಬ್ಬರ ಹೆಸರು ತೆಗೆಯಲಿಕ್ಕೂ ಹಾಗೆಯೇ. ಗಂಡ ಒಪ್ಪಿದರೆ ಅದೇ ದಿನ ಜೊತೆಯಲ್ಲೇ ಶಾಖೆಗೆ ಹೋಗಿ ಮುಗಿಸಿ, ನಾಳೆಗೆ ಇಡಬೇಡಿ. ಸೋತ ಮರುದಿನ ಇರುವ ಒಪ್ಪಿಗೆ ವಾರ ಕಳೆಯುವಷ್ಟರಲ್ಲಿ ಇರುವುದಿಲ್ಲ. ಒಪ್ಪದಿದ್ದರೆ ಇನ್ನೊಂದು ದಾರಿಯಿದೆ. ಖಾತೆದಾರರಲ್ಲಿ ಭಿನ್ನಾಭಿಪ್ರಾಯವಿದೆ, ಇನ್ನು ಮುಂದೆ ಒಬ್ಬರ ಸೂಚನೆಯ ಮೇಲೆ ಹಣ ಬಿಡಬೇಡಿ ಎಂದು ಒಬ್ಬರೇ ಬರವಣಿಗೆಯಲ್ಲಿ ಕೊಟ್ಟರೂ ಎಷ್ಟೋ ಬ್ಯಾಂಕುಗಳು ಖಾತೆಯ ವ್ಯವಹಾರ ತಡೆಹಿಡಿಯುತ್ತವೆ. ಪತ್ರ ತಲುಪಿದ ದಿನಾಂಕ, ಸಮಯ ಇರುವ ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಬೆಲೆಯಿಲ್ಲ.

ಈ ತಡೆಗೆ ಒಂದು ದೊಡ್ಡ ಪರಿಣಾಮವಿದೆ, ಅದನ್ನು ಮೊದಲೇ ತಿಳಿದಿರಬೇಕು. ಖಾತೆ 'ಇಬ್ಬರೂ ಸೇರಿ' ಆದೊಡನೆ ಕಾರ್ಡು, ಆ್ಯಪು, ನೆಟ್ ಬ್ಯಾಂಕಿಂಗ್ ಸಾಮಾನ್ಯವಾಗಿ ನಿಂತುಹೋಗುತ್ತವೆ. ಪೂರ್ತಿ ತಡೆ ಬಿದ್ದರೆ ಬಾಡಿಗೆ, ಕಂತು, ವಿಮೆಯ ಆಟೋ ಡೆಬಿಟ್ಟುಗಳೂ ಬೌನ್ಸ್ ಆಗಬಹುದು. ತಡೆ ತೆಗೆಯಲು ಮತ್ತೆ ಇಬ್ಬರೂ ಹೋಗಬೇಕು. ಅದಕ್ಕೇ ಹೇಳಿದ್ದು, ಹಣದ ದಾರಿ ತಿರುಗಿಸುವುದು ಮೊದಲು.

ಸಂಬಳವನ್ನು ಬೇರೆ ಖಾತೆಗೆ ತಿರುಗಿಸುವುದು

ಹೆಂಡತಿ ತನ್ನೊಬ್ಬಳ ಹೆಸರಿನಲ್ಲಿ ಹೊಸ ಖಾತೆ ತೆರೆಯಬೇಕು. ಆದಷ್ಟು ಬೇರೆ ಬ್ಯಾಂಕಿನಲ್ಲೇ ತೆರೆಯುವುದು ಒಳ್ಳೆಯದು. ಅದೇ ಬ್ಯಾಂಕಿನಲ್ಲಿ ತೆರೆದರೆ ಹಳೆಯ ಗ್ರಾಹಕ ಸಂಖ್ಯೆಯಡಿಯೇ ಹೊಸ ಖಾತೆ ಸೇರಿಕೊಂಡು, ಹಳೆಯ ಲಾಗಿನ್ ಇದ್ದ ಫೋನಿನಲ್ಲಿ ಅದರಲ್ಲಿರುವ ಹಣವೂ ಕಾಣಿಸಬಹುದು. ಹಳೆಯ ಖಾತೆಯ ಓವರ್‌ಡ್ರಾಫ್ಟ್ ಬಾಕಿಗೆ ಹೊಸ ಖಾತೆಯ ಹಣವನ್ನು ಬ್ಯಾಂಕ್ ಹೊಂದಿಸಿಕೊಳ್ಳುವ ಸಾಧ್ಯತೆಯೂ ಇರುತ್ತದೆ. ಪತ್ರಗಳು, ಹೊಸ ಕಾರ್ಡು ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಬರುವ ಬದಲು ಶಾಖೆಯಿಂದಲೇ ತೆಗೆದುಕೊಳ್ಳಲು ಆಗುತ್ತದೆಯೇ ಕೇಳಿ.

ಹೊಸ ಖಾತೆ ತೆರೆದ ದಿನವೇ ಕೆಲಸದ ಕಚೇರಿಗೆ ಸಂಬಳದ ಖಾತೆ ಬದಲಿಸಲು ಅರ್ಜಿ ಕೊಡಿ. ಆ ತಿಂಗಳ ಪಟ್ಟಿ ಆಗಲೇ ಹೋಗಿದ್ದರೆ ಇನ್ನೊಂದು ಸಂಬಳ ಹಳೆಯ ಖಾತೆಗೇ ಬರುತ್ತದೆ. ಆ ದಿನ ಬೆಳಗ್ಗೆ ಹಣ ಬಿದ್ದ ಕೂಡಲೇ ವರ್ಗಾಯಿಸಲು ತಯಾರಿರಬೇಕು. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಕೆಲವು ಗಂಟೆ ಅಥವಾ ಒಂದು ದಿನ ವರ್ಗಾವಣೆಗೆ ಮಿತಿ ಇರುವುದುಂಟು, ಆದ್ದರಿಂದ ಹಿಂದಿನ ವಾರವೇ ಅದನ್ನು ಸೇರಿಸಿ ಸಣ್ಣ ಮೊತ್ತವೊಂದನ್ನು ಕಳುಹಿಸಿ ನೋಡಿ.

ಆಮೇಲೆ ಕಂತುಗಳು. ನಮ್ಮ ಉದಾಹರಣೆಯಲ್ಲಿ ಮನೆಗೆ ಬೇಕಾದದ್ದು 70, ಹೆಂಡತಿಯ ಖಾತೆಗೆ ಬರುವುದು 55. ತಪ್ಪಿದರೆ ದಂಡ ಬೀಳುವ ಅಥವಾ ತಲೆಯ ಮೇಲಿನ ಸೂರಿಗೇ ಕುತ್ತು ಬರುವ ಖರ್ಚುಗಳನ್ನು, ಅಂದರೆ ಬಾಡಿಗೆ, ಕಂತು, ವಿಮೆ, ಶುಲ್ಕವನ್ನು ಮೊದಲು ಹೊಸ ಖಾತೆಗೆ ಬದಲಾಯಿಸಿ. ಅವು 45 ಎನ್ನೋಣ. ದಿನಸಿಗೆ 10 ಉಳಿಯಿತು. ಕೊರತೆಯ 15 ಪಾಲು ಗಂಡನ ಸಂಬಳದಿಂದ ಬರಬೇಕು. ಸಂಬಳ ಬಂದ ದಿನವೇ, ತಾನಾಗಿಯೇ ಹೊಸ ಖಾತೆಗೆ ವರ್ಗವಾಗುವಂತೆ ಅವನೇ ಸೂಚನೆ ಕೊಟ್ಟಿಡಬೇಕು. ಮರುದಿನ ಎಂದು ಹಾಕಿದರೆ ಮಧ್ಯೆ ಒಂದು ರಾತ್ರಿ ಸಿಗುತ್ತದೆ, ಅಷ್ಟು ಸಾಕು. ಪ್ರತಿ ಆಟೋ ಡೆಬಿಟ್ ಹೊಸ ಖಾತೆಯಿಂದ ಒಮ್ಮೆ ಹೋದದ್ದನ್ನು ಕಣ್ಣಾರೆ ನೋಡುವ ತನಕ ಹಳೆಯದನ್ನು ರದ್ದು ಮಾಡಬೇಡಿ.

ಹಳೆಯ ಖಾತೆಯಲ್ಲಿ ಈಗಿರುವ ಹಣವನ್ನು ಏನು ಮಾಡುವುದು? ಷರತ್ತಿನ ಪ್ರಕಾರ ನೀವೂ ಅದನ್ನು ತೆಗೆಯಬಲ್ಲಿರಿ. ಹಾಗೆಂದು ಪೂರ್ತಿ ಬಳಿದು ನಿಮ್ಮ ಹೆಸರಿಗೆ ಹಾಕಿಕೊಂಡರೆ, ಮುಂದೆ ವಿಷಯ ವಿಚ್ಛೇದನಕ್ಕೋ ವ್ಯಾಜ್ಯಕ್ಕೋ ಹೋದಾಗ ಅದೇ ನಿಮಗೆ ಮುಳುವಾಗಬಹುದು. ವಯಸ್ಸಾದ ತಂದೆ ತಾಯಿಯ ಖಾತೆಗೆ ಅನುಕೂಲಕ್ಕೆಂದು ಹೆಸರು ಸೇರಿಸಿಕೊಂಡ ಮಕ್ಕಳು ಇಲ್ಲಿ ಇನ್ನೂ ಎಚ್ಚರದಿಂದಿರಬೇಕು, ಏಕೆಂದರೆ ಆ ಹಣ ನಿಜವಾಗಿ ಅವರದು. ನೀವು ಹಾಕಿದ ಪಾಲು, ಜೊತೆಗೆ ಒಂದೆರಡು ತಿಂಗಳ ಮನೆಖರ್ಚಿನಷ್ಟನ್ನು ಮಾತ್ರ ತೆಗೆದು, ಎಷ್ಟು, ಯಾವತ್ತು, ಏತಕ್ಕೆ ಎಂದು ಬರೆದಿಡಿ. ಆ ಹಣ ಬಾಡಿಗೆಗೂ ಶುಲ್ಕಕ್ಕೂ ಹೋದದ್ದಕ್ಕೆ ರಸೀದಿ ಇರಲಿ. ಮೊತ್ತ ದೊಡ್ಡದಾಗಿದ್ದರೆ ತೆಗೆಯುವ ಮೊದಲೇ ವಕೀಲರನ್ನು ಕೇಳಿ.

ಜಂಟಿ ಠೇವಣಿಯನ್ನು ಮರೆಯುವವರೇ ಹೆಚ್ಚು. 'ಅದು ಅವಧಿ ಮುಗಿಯುವ ತನಕ ಭದ್ರ' ಎಂಬ ನಂಬಿಕೆ ಸುಳ್ಳು. ಷರತ್ತು 'ಯಾರಾದರೂ ಒಬ್ಬರು' ಎಂದಿದ್ದರೆ ಆ್ಯಪಿನಲ್ಲೇ ಮುರಿಯಲು ಬರಬಹುದು, ಅಥವಾ ಠೇವಣಿ ಹಾಗೇ ಇದ್ದು ಅದರ ಮೇಲೆ ಸಾಲ ಎದ್ದಿರಬಹುದು. ಠೇವಣಿಯ ಮೊತ್ತ ನೋಡಿ ಸಮಾಧಾನಪಟ್ಟುಕೊಳ್ಳದೆ, ಅದರ ಮೇಲೆ ಸಾಲದ ಗುರುತು ಬಿದ್ದಿದೆಯೇ ಎಂದು ಶಾಖೆಯಲ್ಲಿ ಕೇಳಿ. ಚೆಕ್ ಪುಸ್ತಕವನ್ನೂ ಬಿಡಿಸಿ ನೋಡಿ. ಅವಸರಕ್ಕಿರಲಿ ಎಂದು ಸಹಿ ಹಾಕಿಟ್ಟ ಖಾಲಿ ಹಾಳೆಗಳಿದ್ದರೆ ಅವುಗಳ ಸಂಖ್ಯೆ ಕೊಟ್ಟು ಪಾವತಿ ನಿಲ್ಲಿಸಿ.

ಕಾರ್ಡ್ ಬ್ಲಾಕ್ ಮಾಡುವುದರ ಮಿತಿ

ಕಾರ್ಡ್ ವ್ಯವಹಾರದಲ್ಲಿ ಪ್ರತಿ ವ್ಯಾಪಾರಿಗೂ ನಾಲ್ಕಂಕಿಯ ಒಂದು ವರ್ಗಸಂಖ್ಯೆ ಇರುತ್ತದೆ. ಜೂಜು, ಬೆಟ್ಟಿಂಗ್, ಲಾಟರಿಗೆ ಅದು ಮುಖ್ಯವಾಗಿ 7995. ಜೂಜಿನ ವ್ಯವಹಾರ ತಡೆಯುವ ಸ್ವಿಚ್ ಕೊಡುವ ಬ್ಯಾಂಕುಗಳು ಈ ಸಂಖ್ಯೆ ಬಂದಾಗ ಪಾವತಿ ನಿರಾಕರಿಸುತ್ತವೆ. ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಅದು ಕಾಣದಿದ್ದರೆ ಗ್ರಾಹಕ ಸೇವೆಗೆ ಫೋನ್ ಮಾಡಿ, ಸಂಖ್ಯೆಯನ್ನೇ ಹೇಳಿ ಕೇಳಿ. ಸ್ವಿಚ್ ಆಫ್ ಮಾಡಲು ಕಾಯುವ ಅವಧಿ ಇದೆಯೇ ಎಂಬುದೂ ಮುಖ್ಯ. ಒಂದೆರಡು ದಿನ ಕಾದ ಮೇಲಷ್ಟೇ ತೆರೆಯುವ ತಡೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆಡಬೇಕೆಂಬ ತುಡಿತ ಅಷ್ಟರಲ್ಲಿ ಇಳಿದಿರುತ್ತದೆ. ಒತ್ತಿದ ಕೂಡಲೇ ತೆರೆಯುವುದನ್ನು ತಡೆ ಎನ್ನುವುದೇ ಕಷ್ಟ.

ಈ ತಡೆಯ ಪಕ್ಕದಿಂದ ನುಸುಳುವುದು ಸುಲಭ. ಕಾರ್ಡಿನಿಂದ ವಾಲೆಟ್‌ಗೆ ಹಣ ತುಂಬಿ, ವಾಲೆಟ್‌ನಿಂದ ಬೆಟ್ಟಿಂಗ್ ತಾಣಕ್ಕೆ ಕಳುಹಿಸಿದರೆ ಬ್ಯಾಂಕಿಗೆ ಕಾಣುವುದು ವಾಲೆಟ್ ತುಂಬಿದ ಸಂಖ್ಯೆ ಮಾತ್ರ, 7995 ಅಲ್ಲಿ ಬರುವುದೇ ಇಲ್ಲ. ಖಾತೆಯಿಂದ ಖಾತೆಗೆ ವರ್ಗಾವಣೆ, ಎಟಿಎಂ ನಗದು, ಗಿಫ್ಟ್ ಕಾರ್ಡ್, ಕ್ರಿಪ್ಟೊ ಯಾವುದನ್ನೂ ಅದು ತಡೆಯುವುದಿಲ್ಲ. ಕೆಲವು ತಾಣಗಳು ಬೇರೆ ವ್ಯಾಪಾರದ ಹೆಸರು, ಸಂಖ್ಯೆ ಹಾಕಿಕೊಂಡೇ ಹಣ ಪಡೆಯುತ್ತವೆ. ಆದ್ದರಿಂದ ಜೂಜಿನ ಸ್ವಿಚ್ಚಿನ ಜೊತೆಗೆ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ಆಫ್ ಮಾಡಿ, ದಿನದ ನಗದು ಮಿತಿಯನ್ನು ಒಂದು ದಿನದ ಖರ್ಚಿನಷ್ಟಕ್ಕೆ ಇಳಿಸಿ.

ಕಾರ್ಡನ್ನು ರದ್ದು ಮಾಡಿ ಹೊಸದು ತರಿಸಿದರೂ ಹಳೆಯ ಸಂಪರ್ಕ ಕಡಿಯದೇ ಇರಬಹುದು. ತಾಣಗಳಲ್ಲಿ ಉಳಿಸಿದ ಕಾರ್ಡ್ ಈಗ ಬಹುತೇಕ ಟೋಕನ್ ರೂಪದಲ್ಲಿ, ಅಂದರೆ ಕಾರ್ಡ್ ಸಂಖ್ಯೆಯ ಬದಲಿಗೆ ಇಡುವ ಒಂದು ಸಂಕೇತವಾಗಿ ಇರುತ್ತದೆ. ಹೊಸ ಕಾರ್ಡಿನ ವಿವರವನ್ನು ಹಳೆಯ ವ್ಯಾಪಾರಿಗಳಿಗೆ ತಾನಾಗಿಯೇ ತಲುಪಿಸುವ ಸೇವೆಯನ್ನು ಕಾರ್ಡ್ ಜಾಲಗಳೇ ನಡೆಸುತ್ತವೆ. ಚಂದಾ ನಿಲ್ಲದಿರಲಿ ಎಂದು ಮಾಡಿದ ಅನುಕೂಲ ಇಲ್ಲಿ ಉಲ್ಟಾ ಹೊಡೆಯುತ್ತದೆ. ಹೊಸ ಕಾರ್ಡ್ ಕೇಳುವಾಗಲೇ 'ಹಳೆಯ ಎಲ್ಲ ಟೋಕನ್, ಎಲ್ಲ ಮರುಕಳಿಸುವ ಪಾವತಿ ಅನುಮತಿ ಅಳಿಸಿ, ಹೊಸ ವಿವರ ಯಾರಿಗೂ ಹೋಗದಿರಲಿ' ಎಂದು ಬಿಡಿಸಿ ಹೇಳಬೇಕು. ಬ್ಲಾಕ್ ಮಾಡಿದ ಮೇಲೂ ಎರಡು ಮೂರು ದಿನ ಒಂದೆರಡು ವ್ಯವಹಾರ ಕಂಡರೆ ಗಾಬರಿ ಬೇಡ. ಅವು ಬ್ಲಾಕ್‌ಗೆ ಮೊದಲೇ ಒಪ್ಪಿಗೆಯಾಗಿ, ಈಗ ಲೆಕ್ಕಕ್ಕೆ ಬಂದವು. ಅದಕ್ಕಿಂತ ತಡವಾಗಿ ಹೊಸದು ಬಂದರೆ ಟೋಕನ್ ಎಲ್ಲೋ ಉಳಿದಿರಬಹುದು.

ಆ್ಯಡ್-ಆನ್ ಕಾರ್ಡಿನ ಕಥೆ ಸರಳ. ಅದರಲ್ಲಿ ಆದ ಪ್ರತಿ ಖರ್ಚಿಗೂ ಮೂಲ ಕಾರ್ಡುದಾರರೇ ಹೊಣೆ, ಅದನ್ನು ರದ್ದು ಮಾಡಲು ಇನ್ನೊಬ್ಬರ ಸಹಿ ಬೇಕಿಲ್ಲ. ಹೆಂಡತಿ ಒಂದು ಫೋನಿನಲ್ಲಿ ಮುಗಿಸಬಹುದಾದ ಕೆಲಸ.

'ಈ ವ್ಯವಹಾರ ನಾನು ಮಾಡಿಲ್ಲ' ಎಂದು ದೂರು ಕೊಟ್ಟು ಹಣ ವಾಪಸ್ ಪಡೆಯುವ ಸಲಹೆ ಸುತ್ತಮುತ್ತಲಿನವರಿಂದ ಬಂದೇ ಬರುತ್ತದೆ. ಕಾರ್ಡುದಾರರೇ ಒಟಿಪಿ ಹಾಕಿ ಆಡಿದ್ದರೆ ಅದು ಸುಳ್ಳು ದೂರು. ಬ್ಯಾಂಕ್ ದಾಖಲೆ ತೆಗೆದಾಗ ಬಯಲಾಗುತ್ತದೆ. ನಿಮ್ಮ ಕಾರ್ಡನ್ನು ನಿಮಗೆ ಗೊತ್ತಿಲ್ಲದೆ ಬಳಸಿದ್ದರೆ ದೂರು ನ್ಯಾಯವೇ, ಆದರೆ ಬಳಸಿದವರು ಯಾರೆಂದು ಬ್ಯಾಂಕ್ ಕೇಳುತ್ತದೆ, ಪೊಲೀಸ್ ದೂರನ್ನೂ ಕೇಳಬಹುದು. ಪಿನ್ ನೀವೇ ಹೇಳಿಕೊಟ್ಟಿದ್ದರೆ ನಷ್ಟ ನಿಮ್ಮ ತಲೆಗೇ ಬರುವ ಸಂಭವ ಹೆಚ್ಚು. ಪಿನ್ ಬದಲಾಯಿಸುವಾಗ ಹುಟ್ಟಿದ ದಿನ, ಮದುವೆಯ ದಿನ ಬೇಡ ಎಂದು ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇವೆ.

ಸಾಲದ ಬಾಗಿಲು

ಖಾತೆಯಲ್ಲಿ ಹಣ ಸಿಗದಾದಾಗ ಜೂಜು ಸಾಲದತ್ತ ತಿರುಗುತ್ತದೆ. ಹಾಗಾಗಿ ಈ ಕೆಲಸವನ್ನೂ ಅದೇ ವಾರದಲ್ಲಿ ಮಾಡಬೇಕು. ಬ್ಯಾಂಕ್ ಆ್ಯಪಿನಲ್ಲಿ 'ಮೊದಲೇ ಮಂಜೂರಾದ ಸಾಲ' ಎಂದು ಹೊಳೆಯುವುದನ್ನು ತೆಗೆಸಿ, ಓವರ್‌ಡ್ರಾಫ್ಟ್ ಮಿತಿಯನ್ನು ಸೊನ್ನೆಗೆ ಇಳಿಸಿ. ಕ್ರೆಡಿಟ್ ಕಾರ್ಡಿನ ನಗದು ಮುಂಗಡದ ಮಿತಿಯನ್ನು ಬೇರೆಯಾಗಿಯೇ ಸೊನ್ನೆ ಮಾಡಿಸಬೇಕು. ಜೂಜಿನ ಪಾವತಿಯನ್ನು ಎಷ್ಟೋ ಬ್ಯಾಂಕುಗಳು ನಗದು ಮುಂಗಡವೆಂದೇ ಲೆಕ್ಕ ಹಾಕುತ್ತವೆ. ಅದಕ್ಕೆ ಶುಲ್ಕವೂ ಇದೆ, ಮೊದಲ ದಿನದಿಂದಲೇ ಬಡ್ಡಿಯೂ ಓಡುತ್ತದೆ.

ಮನೆಯವರು ಅತಿ ಹೆಚ್ಚು ಕಳೆದುಕೊಳ್ಳುವುದು ಬೇರೆ ಕಡೆ. ಕಾರ್ಡಿನ ಬಾಕಿ 30 ಪಾಲು ಆಗಿದೆ, ಬಡ್ಡಿ ಬೆಳೆಯುತ್ತಿದೆ ಎಂದು ಅಪ್ಪನೋ ಅಣ್ಣನೋ ಚಿನ್ನ ಅಡವಿಟ್ಟು ಕಟ್ಟುತ್ತಾರೆ. ಕಟ್ಟಿದ ಕ್ಷಣ ಆ 30 ಪಾಲಿನ ಮಿತಿ ಮತ್ತೆ ಪೂರ್ತಿಯಾಗಿ ಆಟಕ್ಕೆ ತೆರೆದುಕೊಳ್ಳುತ್ತದೆ. ತಿಂಗಳೊಳಗೆ ಬಾಕಿ ಮತ್ತೆ 30, ಜೊತೆಗೆ ಅಡವಿನ ಸಾಲವೂ 30. ಕಟ್ಟುವುದೇ ಆದರೆ ಮೊದಲು ಕಾರ್ಡುದಾರರಿಂದ ಮಿತಿ ಇಳಿಸುವ ಅಥವಾ ಕಾರ್ಡ್ ಮುಚ್ಚುವ ಕೋರಿಕೆ ಹೋಗಲಿ, ಬ್ಯಾಂಕಿನ ದೃಢೀಕರಣ ಬರಲಿ, ಆಮೇಲೆ ಹಣ ಹೋಗಲಿ. ಅದೂ ನೇರ ಕಾರ್ಡ್ ಖಾತೆಗೆ, ಅವರ ಕೈಗಲ್ಲ. ಮತ್ತೆ, ಅವರೊಬ್ಬರ ಹೆಸರಿನ ಸಾಲಕ್ಕೆ ನೀವು ಜಾಮೀನು ಹಾಕಿರದಿದ್ದರೆ ವಸೂಲಿಗೆ ಕರೆ ಬಂದಾಗ 'ನಾನು ಕಟ್ಟುತ್ತೇನೆ' ಎಂದು ಬಾಯಿಬಿಡಬೇಡಿ. ದಾಖಲೆ ಕಳುಹಿಸಿ ಎನ್ನಿ.

ನಿಮ್ಮ ಹೆಸರಿನಲ್ಲೇ ಸಾಲ ಎದ್ದಿದೆಯೇ ಎಂದು ತಿಳಿಯಲು ನಿಮ್ಮ ಕ್ರೆಡಿಟ್ ವರದಿ ತರಿಸಿ ನೋಡಿ. ಒಂದೇ ಮನೆಯಲ್ಲಿ ನಿಮ್ಮ ಗುರುತಿನ ಚೀಟಿ, ಫೋನು, ಸಹಿಯ ಮಾದರಿ ಎಲ್ಲವೂ ಅವರ ಕೈಗೆ ಸಿಗುತ್ತವೆ. ವರದಿಯಲ್ಲಿ ಸಾಲಕ್ಕಿಂತ ಮೊದಲು 'ವಿಚಾರಣೆ' ಭಾಗ, ಅಂದರೆ ನಿಮ್ಮ ವರದಿಯನ್ನು ಕೇಳಿ ನೋಡಿದ ಸಂಸ್ಥೆಗಳ ಪಟ್ಟಿ, ಓದಿ. ನೀವು ಅರ್ಜಿ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ಯಾರೋ ನಿಮ್ಮ ಹೆಸರಿನಲ್ಲಿ ಪ್ರಯತ್ನಿಸಿರಬಹುದು. ವರದಿಯನ್ನು ಲಾಕ್ ಮಾಡುವ ಸೌಲಭ್ಯ ನಿಮ್ಮಲ್ಲಿದ್ದರೆ ಬಳಸಿ.

ಫೋನ್ ಮತ್ತು ಇಮೇಲ್

ಒಟಿಪಿ ಯಾರ ಕೈಯಲ್ಲಿದೆಯೋ ಹಣವೂ ಅವರ ಕೈಯಲ್ಲಿ. ನಿಮ್ಮ ಫೋನಿನ ಲಾಕ್‌ನಲ್ಲಿ ಅವರ ಬೆರಳಚ್ಚು ಎಂದೋ ಸೇರಿರಬಹುದು. ಸೆಟ್ಟಿಂಗ್‌ಗೆ ಹೋಗಿ ನಿಮ್ಮದಲ್ಲದ ಬೆರಳಚ್ಚು, ಮುಖ ಎಲ್ಲವನ್ನೂ ಅಳಿಸಿ. ಒಟಿಪಿ ಸಂದೇಶ ಲಾಕ್ ಪರದೆಯ ಮೇಲೆ ತೋರದಂತೆ ಮಾಡಿ, ಇಲ್ಲದಿದ್ದರೆ ಲಾಕ್ ತೆಗೆಯದೆಯೇ ಓದಬಹುದು. ಸಿಮ್‌ಗೂ ಪಿನ್ ಇಡಿ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕುವುದು ಅರ್ಧ ನಿಮಿಷದ ಕೆಲಸ. ಇಮೇಲ್ ಪಾಸ್‌ವರ್ಡ್ ಬದಲಿಸಿ, ಲಾಗಿನ್ ಆಗಿರುವ ಎಲ್ಲ ಸಾಧನಗಳಿಂದ ಹೊರಬರಿ. ಮರುಪಡೆಯುವ ನಂಬರ್ ಅವರದೇ ಆಗಿಲ್ಲವೇ ನೋಡಿ. ಬ್ಯಾಂಕ್ ಎಚ್ಚರಿಕೆಯ ಕನಿಷ್ಠ ಮೊತ್ತವನ್ನು ಸೊನ್ನೆಗೆ ಇಡಿ, ಏಕೆಂದರೆ ಮೊದಲು ಹೋಗುವುದು ಸಣ್ಣ ಮೊತ್ತವೇ.

ಇದನ್ನೆಲ್ಲ ಮಾಡುವಾಗ ಅವರೊಬ್ಬರ ಹೆಸರಿನ ಖಾತೆಗೆ ಕದ್ದು ಲಾಗಿನ್ ಆಗಬೇಡಿ. ಕಾನೂನಿನ ತೊಡಕು ಒಂದು ಕಡೆ. ಇನ್ನೊಂದು ಕಡೆ, ಅದು ಗೊತ್ತಾದ ದಿನ ಅವರು ನಿಮಗೆ ಗೊತ್ತಿಲ್ಲದ ಹೊಸ ಖಾತೆಗೆ ಹೋಗುತ್ತಾರೆ, ನಿಮಗೆ ಕಾಣುತ್ತಿದ್ದ ಅಷ್ಟಿಷ್ಟೂ ಕಾಣದಾಗುತ್ತದೆ. ಅವರೇ ತೋರಿಸುವ ಒಪ್ಪಂದ ಮಾಡಿಕೊಳ್ಳುವುದು ಮೇಲು: ವಾರಕ್ಕೊಂದು ನಿಗದಿತ ದಿನ, ಇಬ್ಬರೂ ಕೂತು, ಸ್ಟೇಟ್‌ಮೆಂಟ್ ತೆರೆದು ನೋಡುವುದು.

ಅದರಲ್ಲಿ ಏನು ಹುಡುಕಬೇಕು? ಬೆಟ್ಟಿಂಗ್ ತಾಣದ ಹೆಸರು ಇರುವುದು ಅಪರೂಪ, ಇರುವುದು ಹಣ ಪಡೆಯುವ ಮಧ್ಯವರ್ತಿ ಕಂಪನಿಯ ಹೆಸರು. ಹಾಗಾಗಿ ಹೆಸರಿಗಿಂತ ನಡೆಯನ್ನು ನೋಡಿ. ರಾತ್ರಿ 11.40ಕ್ಕೆ ಒಂದು ಮೊತ್ತ, 11.52ಕ್ಕೆ ಅದೇ ಹೆಸರಿಗೆ ಅದರ ಎರಡರಷ್ಟು, 12.05ಕ್ಕೆ ನಾಲ್ಕರಷ್ಟು, ಎಲ್ಲವೂ ದುಂಡು ಸಂಖ್ಯೆ. ಇದು ಸೋತದ್ದನ್ನು ಹಿಡಿಯಲು ಓಡುವ ನಡೆ, ಸಾಮಾನು ಕೊಂಡ ನಡೆ ಹೀಗಿರುವುದಿಲ್ಲ. ಅದೇ ಹೆಸರಿನಿಂದ ಆಗಾಗ ಹಣ ಒಳಗೂ ಬರುತ್ತಿದ್ದರೆ ಸಂಶಯವೇ ಉಳಿಯುವುದಿಲ್ಲ. ಸ್ಟೇಟ್‌ಮೆಂಟನ್ನು ಸ್ಕ್ರೀನ್‌ಶಾಟಿನಲ್ಲಿ ತೆಗೆದುಕೊಳ್ಳಬೇಡಿ, ಬೇಡದ ಸಾಲನ್ನು ಕತ್ತರಿಸುವುದು ಸುಲಭ. ನಿಮ್ಮ ಕಣ್ಣ ಮುಂದೆ ಆ್ಯಪ್ ತೆರೆದು, ಆರಂಭದ ಬಾಕಿಯಿಂದ ಕೊನೆಯ ಬಾಕಿಯವರೆಗೆ ಲೆಕ್ಕ ಕೂಡಬೇಕು.

ಅವರ ಕೈಗೆ ಎಷ್ಟು

ಅವರ ಕೈಯಲ್ಲಿ ಒಂದು ಪೈಸೆಯೂ ಇರದಂತೆ ಮಾಡುವುದು ನಡೆಯುವುದಿಲ್ಲ, ಅದು ನ್ಯಾಯವೂ ಅಲ್ಲ. ನಮ್ಮ ಉದಾಹರಣೆಯಲ್ಲಿ ಗಂಡನ 45ರಲ್ಲಿ 15 ಮನೆಗೆ ಹೋಗಿ 30 ಉಳಿಯಿತು. ಹಳೆಯ ಸಾಲಕ್ಕೆ 18 ತಾನಾಗಿಯೇ ಹೋಗುವಂತೆ ಅವನೇ ಮಾಡಿದರೆ 12. ಆ 12ನ್ನು ತಿಂಗಳಿಗೊಮ್ಮೆ ಕೊಡದೆ ವಾರಕ್ಕೆ 3ರಂತೆ, ಓವರ್‌ಡ್ರಾಫ್ಟ್ ಇಲ್ಲದ ಪ್ರಿಪೇಯ್ಡ್ ಕಾರ್ಡಿಗೆ ಹಾಕುವುದು ಒಳ್ಳೆಯದು. ಆಗ ಒಂದು ರಾತ್ರಿಯಲ್ಲಿ ಹೋದರೂ ಹೋಗುವುದು 3 ಪಾಲು. ಬುಧವಾರದ ಹೊತ್ತಿಗೆ ಬಸ್ಸಿಗೆ ಹಣವಿಲ್ಲ ಎಂದು ಕೇಳಿದರೆ ಬಸ್ ಪಾಸ್ ಕೊಡಿಸಿ, ನಗದು ಕೊಡಬೇಡಿ.

ಒಪ್ಪಂದ ಬರವಣಿಗೆಯಲ್ಲಿರಲಿ, ಮೂರು ತಿಂಗಳಿಗೆ ಮತ್ತೆ ಕೂತು ನೋಡುತ್ತೇವೆ ಎಂಬ ಮಾತೂ ಅದರಲ್ಲಿರಲಿ. ಮನೆಯಲ್ಲಿ ಹೊಡೆತ ಬಡಿತದ ಭಯವಿದ್ದರೆ ಮಾತ್ರ ಕ್ರಮ ಬೇರೆ. ಆಗ ಖಾತೆ, ಪತ್ರ, ಪಿನ್ ಕೆಲಸ ಎಲ್ಲ ಮುಗಿದ ಮೇಲೆ, ಇನ್ನೊಬ್ಬರು ಜೊತೆಗಿರುವಾಗ ವಿಷಯ ತಿಳಿಸಿ. ಎಲ್ಲ ದಾರಿ ಒಮ್ಮೆಗೇ ಮುಚ್ಚಿದಾಗ ಕೆಲವರು ತೀರಾ ಕುಗ್ಗಿಹೋಗುತ್ತಾರೆ. ಜೂಜಿನ ಚಟವಿರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಸಾಯುವ ಮಾತು ಬಂದರೆ ಬೆದರಿಕೆಯೆಂದು ತಳ್ಳಿಹಾಕದೆ, ಲೆಕ್ಕದ ಕೆಲಸ ಅಲ್ಲಿಗೇ ಬಿಟ್ಟು, ಒಬ್ಬರನ್ನೇ ಇರಲು ಬಿಡದೆ ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ.